ಉಸುಕಿನ ಬುಟ್ಟಿಯ ಕಾವಲು

ಮೂತ್ರಪಿಂಡ ಕೆಟ್ಟಿರಬಹುದು. ಹರಳು ಸಿಕ್ಕಿಕೊಂಡಿರಬಹುದು. ವಿಷ ತಿಂದ ಜಿರಳೆಯನ್ನು ನುಂಗಿರಬಹುದು. ಬಚ್ಚಲಿಗೆ ಹಾಕಿದ ಫಿನಾಯಿಲು ನೆಕ್ಕಿರಬಹುದು. ಇಲ್ಲವೇ ಯಾರದೋ ದೃಷ್ಟಿ. ನಮ್ಮ ಎರಡು ವರ್ಷದ ಗಂಡುಬೆಕ್ಕು ಗಳಿಗೆಗೊಮ್ಮೆ ಕೂತು ರಕ್ತ ಬೆರೆತ ಮೂತ್ರವನ್ನು ಹನಿಹನಿಯಾಗಿ ಮಾಡತೊಡಗಿದಾಗ ನಾನು ಇಷ್ಟೂ ಯೋಚಿಸಿ ಮುಗಿಸಿದ್ದೆ.

ಮರಿಯಿದ್ದಾಗ ಅದನ್ನು ಅಕ್ಕಲಕೋಟೆಯ ಅಕ್ಕನ ಮನೆಯಿಂದ ತಂದಿದ್ದೆ. ರಿಕ್ಷಾಗಳ ಭಯಕ್ಕೆ ಸೊಲ್ಲಾಪುರದ ನಮ್ಮ ಎರಡು ಕೋಣೆಯ ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ; ಅದರ ಮಲಮೂತ್ರಕ್ಕೆ ಒಳಗೇ ಉಸುಕಿನ ಬುಟ್ಟಿ ಇಟ್ಟಿದ್ದೆ. ಬಿದ್ದೀತೆಂದು ಕಿಟಕಿಗೆ ರಟ್ಟು ಬಡಿದಿದ್ದೆ. ಹತ್ತಬಾರದೆಂದು ಕಪಾಟಿನ ಮೇಲೆ ಡಬ್ಬಿ ಒಟ್ಟಿದ್ದೆ.

ರಕ್ತ ಬೀಳತೊಡಗಿದ ವಾರ ಅಕ್ಕ ಬಂದಾಗ ಅದು ಅವಳು ಮಡಿಚಿಟ್ಟ ಚಾದರದ ಮೇಲೇ ಮಾಡಿತು. ಅಕ್ಕ ಚಾದರ ನೋಡಲಿಲ್ಲ, ನನ್ನನ್ನು ನೋಡಿದಳು.

"ಏನ್ ಹಾಲ್ ಮಾಡಿಟ್ಟೀಯೋ ಅದರದು? ಸಂಕ್ರಾಂತಿಗಿ ಬರ್ತೀನಿ. ಹಿಂಗ ಇದ್ರ ತಿರುಗಿ ಒಯ್ತೀನಿ ನೋಡು."

ದನದ ದವಾಖಾನೆಯಲ್ಲಿ ಆಡು, ಎಮ್ಮೆಗಳ ನಡುವೆ ಬೆಕ್ಕಿನ ಚೀಲ ಹಿಡಿದು ನಿಂತೆವು, ನಾನು ಮತ್ತು ಹೆಂಡತಿ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು: ಮೂತ್ರಚೀಲ ಸಣ್ಣದಿತ್ತು, ದಾರಿ ಕಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಸೋಂಕಿಲ್ಲ, ಎಕ್ಸ್‌ರೇಯಲ್ಲಿ ಹರಳಿಲ್ಲ.

"ಮನ್ಯಾಗ ಇರೋ ಪ್ರಾಯದ ಬೆಕ್ಕಿಗಿ ಹಿಂಗ ಆಗ್ತದ್ರಿ. ಪಕ್ಕಾ ಕಾರಣ ಸಿಗಂಗಿಲ್ಲ. ಆದ್ರ ಟೆನ್ಶನ್ ಆತಂದ್ರ ಮೂತ್ರಚೀಲ ಒಳಗ ಉರೀತದ. ಮನ್ಯಾಗ ಅದಕ್ಕ ಏನರೆ ತ್ರಾಸ ಅದ ಏನು?"

"ಏನೂ ಇಲ್ರಿ," ಎಂದೆ.

"ಇವರು ಬುಟ್ಟಿ ಮುಂದ ಬ್ಯಾಟ್ರಿ ಹಿಡಕೊಂಡು ಕುಂದ್ರತಾರ್ರಿ," ಎಂದಳು ಹೆಂಡತಿ. "ಎಷ್ಟ್ ಮಾಡ್ತು ಅಂತ ನೋಡ್ಲಿಕ್ಕಿ. ಜಡ್ಡ ಬರೂಕಿಂತ ಮೊದ್ಲಿಂದನೂ."

ಆಡು ತಂದಿದ್ದ ಮುದುಕ ನನ್ನ ಕಡೆ ತಿರುಗಿದ. "ನಿಮಗರ ಹಂಗ ಯಾರರೆ ಕುಂತ್ರ ಬರ್ತದೇನ್ರಿ ಸಾಹೇಬ್ರ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರೂ. ನಾನು ಚೀಲದ ಬಾಯಿದಾರ ಕಟ್ಟುವುದರಲ್ಲಿ ಮುಖ ಮುಚ್ಚಿಕೊಂಡೆ.

ನೋವಿಗಷ್ಟೇ ಔಷಧ ಕೊಟ್ಟರು. "ಏಳೆಂಟು ದಿನದಾಗ ತಾನ ಇಳೀತದ. ಮನಿ ಸುಧಾರಿಸದಿದ್ರ ತಿರುಗಿ ಬರ್ತದ. ಹನಿನೂ ಬೀಳದಿದ್ರ ಮಾತ್ರ ಅವತ್ತ ಓಡಿ ಬರ್ರಿ, ಗಂಡುಬೆಕ್ಕದ, ಜೀವಕ್ಕ ಬರ್ತದ."

ಹೆಂಡತಿ ರಟ್ಟು ಕಿತ್ತು ಕಿಟಕಿಗೆ ತಂತಿಯ ಜಾಳಿ ಬಡಿಸಿದಳು. ಡಬ್ಬಿ ಇಳಿಸಿ ಕಪಾಟಿನ ಮೇಲೆ ಗೋಣಿ ಹಾಸಿದಳು. ಅಡಗಿ ಕೂರಲು ಒಂದು ರಟ್ಟಿನ ಖೋಕೆ, ಯಾರೂ ಓಡಾಡದ ಮೂಲೆಯಲ್ಲಿ ಇನ್ನೊಂದು ಉಸುಕಿನ ಬುಟ್ಟಿ. ನೀರು ಹೆಚ್ಚು ಹಾಕಿ ಕಲಸಿದ ಊಟ, ಹೊತ್ತಿಗೆ ಸರಿಯಾಗಿ. ಸಂಜೆ ದಾರಕ್ಕೆ ಚಿಂದಿ ಕಟ್ಟಿ ಆಡಿಸುವುದು. ನನಗೆ ವಹಿಸಿದ್ದು ಒಂದೇ ಕೆಲಸ, ದೂರ ಇರುವುದು. ರಕ್ತ ನಿಂತಿತು.

ಸಂಕ್ರಾಂತಿಗೆ ಅಕ್ಕ ಬಂದಳು. ಕಿಟಕಿಯಲ್ಲಿ ಕೂತಿದ್ದ ಬೆಕ್ಕು ಇಳಿದು ಬುಟ್ಟಿಗೆ ಹೋಯಿತು. ಎಷ್ಟು ಸಲೀಸಾಗಿ ಮಾಡುತ್ತದೆಂದು ಅಕ್ಕನಿಗೆ ತೋರಿಸಲು ಬಾಗಿದೆ. ಅದು ಅರ್ಧಕ್ಕೇ ಎದ್ದು ಖೋಕೆಯೊಳಗೆ ಹೊಕ್ಕಿತು.

"ಬೆಕ್ಕ ಇಲ್ಲೇ ಇರಲಿ," ಎಂದಳು ಅಕ್ಕ. "ನೀ ನಡಿ ನನ್ನ ಜೋಡಿ, ನಾಕ ದಿನ."

ಅಕ್ಕಲಕೋಟೆಯ ಎಸ್‌ಟಿ ಬಸ್ಸಿನಲ್ಲಿ ಅವಳ ಪಕ್ಕ ಕೂತು, ನಾನಿಲ್ಲದಾಗ ಏನೇನಾದೀತೆಂದು ಎಣಿಸುತ್ತಾ ಹೋದೆ. ಮರುದಿನ ನಮ್ಮ ಎದುರುಮನೆಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿದೆ.

"ಅರಾಮದ. ಉಂಡು ನಿಮ್ಮ ಗಾದಿ ಮ್ಯಾಲೆ ಮಲಗ್ಯದ."

"ನನ್ನ ಹುಡುಕ್ತೇನು ಅದು?"

"ಇಲ್ರಿ."