ಸಾಬಕ್ಕಿ ಇಲ್ಲದ ಸೋಮವಾರದ ಬೈಗುಳ

ನನ್ನ ಬಾಯಿಯ ಬಗ್ಗೆ ಡೊಂಬಿವಲಿ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಬಾಗಿಲಲ್ಲಿ ನಿಂತು ಹತ್ತುವವರಿಗೆ ದಾರಿ ಬಿಡದವರನ್ನು ನಾನು ಮರಾಠಿಯಲ್ಲಿ ಬೈಯಲು ಶುರುಮಾಡಿ, ಹಿಂದಿಯಲ್ಲಿ ಬಿಸಿ ಏರಿಸಿ, ತುಳುವಿನಲ್ಲಿ ಮುಗಿಸುತ್ತೇನೆ. ತುಳು ಅವರಿಗೆ ಅರ್ಥವಾಗುವುದಿಲ್ಲ, ಅದೊಂದು ಅನುಕೂಲ. ನನ್ನ ಅತ್ತೆಯಂತೂ "ನಿನ್ನನ್ನು ಕಟ್ಟಿಕೊಂಡವ ಪುಣ್ಯವಂತ ಮಾರಾಯ್ತಿ, ಅವನಿಗೆ ಕಿವಿ ಸ್ವಲ್ಪ ಮಂದ" ಎಂದು ನೆಂಟರೆದುರೇ ಹೇಳುತ್ತಾರೆ. ಇಂಥ ನಾನು ಒಂದು ಮಂಗಳವಾರ ನನ್ನ ಮೇಲಿನವರು ಎಲ್ಲರೆದುರು ಕಿರುಚಿದಾಗ ಬಾಯಿ ಹಿಡಿದುಕೊಂಡು ಕೂತೆ ಎಂದರೆ ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ನನ್ನ ಕೆಲಸ ಕ್ಯಾಂಟೀನಿನದು. ಕಾರ್ಖಾನೆಗಳಿಗೆ ಊಟ ಒದಗಿಸುವ ನಮ್ಮ ಊರಿನವರದೇ ಒಂದು ಕಂಪನಿ ಇದೆ. ಅವರು ನವಿ ಮುಂಬಯಿಯ ರಬಾಳೆಯಲ್ಲಿರುವ ಒಂದು ದೊಡ್ಡ ಕಾರ್ಖಾನೆಯೊಳಗೆ ನಡೆಸುವ ಕ್ಯಾಂಟೀನಿಗೆ ನಾನು ಮ್ಯಾನೇಜರ್. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಇಳಿದು ವಾಶಿ ಕಡೆಯ ಗಾಡಿಗೆ. ನಾನು ಮುಟ್ಟುವ ಹೊತ್ತಿಗೆ ಇಡ್ಲಿಯ ಮೊದಲ ಹಬೆ ಎದ್ದಿರುತ್ತದೆ. ನಮ್ಮ ಮುಖ್ಯ ಅಡುಗೆಯವರು ಕುಂದಾಪುರದ ಕಡೆಯವರು. ಕಲ್ಯಾಣದಲ್ಲಿ ಬಾಡಿಗೆಗೆ ಒಂದು ಖೋಲಿ ಮಾಡಿ, ಹೆಂಡತಿಯನ್ನು ಕರೆಸಿಕೊಂಡು, ಮಗಳನ್ನು ಶಾಲೆಗೆ ಸೇರಿಸಿದ್ದರು. ಈ ಬೈಗುಳದ ಮಂಗಳವಾರ ಬಂದ ತಿಂಗಳ ಕೊನೆಗೆ ನಮ್ಮ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮತ್ತೊಂದು ಕಂಪನಿಯವರು ಬಂದು ಕಾರ್ಖಾನೆಯ ಅಧಿಕಾರಿಗಳಿಗೆ ತಮ್ಮ ಊಟದ ರುಚಿ ತೋರಿಸಿ ಹೋಗಿದ್ದೂ ನಮಗೆ ಗೊತ್ತಿತ್ತು. ಕಾಂಟ್ರಾಕ್ಟ್ ಹೋದರೆ ನಮ್ಮ ಅಡುಗೆಮನೆಯವರೆಲ್ಲ ದಿಕ್ಕಿಗೊಬ್ಬರಾಗುವವರೇ. ನನಗೆ ಆಗ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ನಮ್ಮ ಮೇಲಿನವರು, ಅಂದರೆ ಎಲ್ಲ ಕ್ಯಾಂಟೀನುಗಳ ಹೆಡ್ಡು, ಆ ವರ್ಷವಷ್ಟೇ ಮಂಗಳೂರಿನಿಂದ ಬಂದವರು. ಕೆಲಸದಲ್ಲಿ ಜಾಣರು, ಬೇಳೆಯನ್ನು ಮುಷ್ಟಿಯಲ್ಲಿ ಹಿಡಿದೇ ಹಳೆಯದೋ ಹೊಸದೋ ಹೇಳುವವರು. ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಎಂದು ನಾನು ರಜೆ ಹಾಕಿದ ವಾರ, ಶ್ರಾವಣದ ಮೆನುವನ್ನು ಅವರೇ ಕೂತು ನಿಶ್ಚಯಿಸಿದರು. ಶ್ರಾವಣ ಎಂದರೆ ಅವರ ಲೆಕ್ಕದಲ್ಲಿ ನಮ್ಮ ತುಳುನಾಡಿನ ಸೋಣ ತಿಂಗಳು. ಸಿಂಹ ಸಂಕ್ರಮಣ ಕಳೆದು, ನಮ್ಮ ಮನೆಗಳಲ್ಲಿ ಹೊಸ್ತಿಲಿಗೆ ಹೂವಿಡಲು ತೊಡಗಿದ ಮೇಲೆ ಬರುವುದು. ಇಲ್ಲಿಯ ಮರಾಠಿಯವರ ಶ್ರಾವಣ ಅಮಾವಾಸ್ಯೆ ಕಳೆದ ಮರುದಿನವೇ ಶುರು. ಆ ವರ್ಷ ಎರಡಕ್ಕೂ ನಡುವೆ ವಾರಗಟ್ಟಲೆ ಅಂತರವಿತ್ತು. ನಾನು ರಜೆ ಮುಗಿಸಿ ಬಂದವಳು ಮೆನು ಗೋಡೆಯಲ್ಲಿ ಅಂಟಿಸಿದ್ದನ್ನು ನೋಡಿದೆ, ಓದಲಿಲ್ಲ.

ಹಾಗಾಗಿ ಶ್ರಾವಣದ ಮೊದಲ ಸೋಮವಾರ, ಕಾರ್ಖಾನೆಯ ಅರ್ಧಕ್ಕರ್ಧ ಜನ ಉಪವಾಸವಿದ್ದ ದಿನ, ನಮ್ಮ ಕೌಂಟರಿನಲ್ಲಿ ಮೊಟ್ಟೆಯ ಸಾರು! ಉಪವಾಸದ ಪ್ಲೇಟಿಗೆ ಸಾಬಕ್ಕಿ ಖಿಚಡಿ ಮಾಡೋಣವೆಂದರೆ ಸ್ಟೋರಿನಲ್ಲಿ ಸಾಬಕ್ಕಿಯೇ ಇಲ್ಲ, ಆರ್ಡರು ಹೋದದ್ದು ಸೋಣಕ್ಕೆ. ತಂದರೂ ನೆನೆಯಲು ಹೊತ್ತು ಬೇಕಲ್ಲ. ಇದ್ದಬದ್ದ ಬಾಳೆಹಣ್ಣು ಹಂಚಿದೆವು, ಅದು ಎಷ್ಟು ಜನಕ್ಕೆ ಸಾಕು? ಉತ್ತರ ಭಾರತದ ಹುಡುಗರ ಶ್ರಾವಣ ಅದಕ್ಕೂ ಹದಿನೈದು ದಿನ ಮೊದಲೇ ಬಂದಿತ್ತಂತೆ. ಪಾಪ, ಅವರು ಬಾಯಿ ಬಿಡದೆ ಮನೆಯಿಂದ ಡಬ್ಬಿ ತಂದಿದ್ದರು. ಮರಾಠಿಯವರು ಸುಮ್ಮನಿರುವ ಪೈಕಿಯಲ್ಲ. ಸಂಜೆಯೊಳಗೆ ದೂರು ಮೇಲೆ ಹೋಯಿತು.

ಮರುದಿನ ಮಂಗಳವಾರ, ವಾರವಾರದ ಕ್ಯಾಂಟೀನ್ ಮೀಟಿಂಗು. ಕಾರ್ಖಾನೆಯ ಪರವಾಗಿ ಅಡ್ಮಿನ್ ಮೇಡಂ, ಠಾಣೆಯ ಮರಾಠಿ ಹೆಂಗಸು, ಮಾತು ಕಡಿಮೆ. ನಮ್ಮ ಪರವಾಗಿ ಹೆಡ್ಡು ಸರ್, ನಾನು, ಅಡುಗೆಯವರು. ಮೇಡಂ ಒಂದೇ ಮಾತು ಕೇಳಿದರು, "ಕಲ್ ಕ್ಯಾ ಹುವಾ?" ನಿನ್ನೆ ಏನಾಯಿತು, ಅಷ್ಟೇ. ಸರ್ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ಮೇಜು ಕುಟ್ಟಿದರು. ಹಿಂದಿಯಲ್ಲಿ ಶುರುವಾಯಿತು. ಅಕಲ್ ಇದೆಯಾ, ಇಷ್ಟು ವರ್ಷ ಇಲ್ಲಿದ್ದು ಶ್ರಾವಣ ಯಾವಾಗ ಅಂತ ಗೊತ್ತಿಲ್ಲವಾ, ಕಂಪನಿಯ ಮರ್ಯಾದೆ ತೆಗೆದಿರಿ. ಆಮೇಲೆ ಮೇಡಂಗೆ ತಿಳಿಯಬಾರದೆಂದೋ ಏನೋ ಕನ್ನಡಕ್ಕೆ ಇಳಿದರು.

"ನಿಮಗೆಲ್ಲ ಕೆಲಸ ಎಂತಕ್ಕೆ? ಅತ್ತೆ ಕಣ್ಣಿಗೆ ಔಷಧಿ ಬಿಟ್ಕೊಂಡು ಮನೆಯಲ್ಲೇ ಕೂತ್ಕೊಳ್ಳಿ!"

ನನ್ನ ಕಿವಿ ಬಿಸಿಯಾಯಿತು. ಅಡುಗೆಯವರು ನೆಲ ನೋಡುತ್ತಿದ್ದರು. ತಾರೀಖು ಕೊಟ್ಟದ್ದು ಯಾರು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. "ಸೋಣ ಹಿಡಿದು ಕೂತದ್ದು ಯಾರು ಸರ್?" ಎಂಬ ಒಂದು ಮಾತು ನನ್ನ ನಾಲಗೆಯ ಮೇಲೆ ಬಂದು ನಿಂತಿತ್ತು. ದೇವರಾಣೆ, ಅದನ್ನು ಎಸೆದಿದ್ದರೆ ನನಗೆ ಹಿತವಾಗುತ್ತಿತ್ತು. ಆದರೆ ಎದುರು ಕೂತ ಮೇಡಂ ಕಾಂಟ್ರಾಕ್ಟಿನ ಬಗ್ಗೆ ಯೋಚಿಸುತ್ತಿದ್ದವರು. ನಾವಿಬ್ಬರೂ ಅವರೆದುರು ಕಚ್ಚಾಡಿದರೆ ನಷ್ಟ ಯಾರಿಗೆ ಎಂದು ಹೊಳೆದದ್ದೇ ನನ್ನ ಪುಣ್ಯ.

ಗಾಡಿಯಲ್ಲಿ ನನ್ನ ಜೊತೆ ಬರುವ ಗೆಳತಿಯೊಬ್ಬಳು ಬ್ಯಾಂಕಿನ ದೂರಿನ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಬೈಸಿಕೊಳ್ಳುವುದೇ ಅವಳ ಉದ್ಯೋಗ. "ಅವರು ಕಿರುಚುವಾಗ ನಡುವೆ ಬಾಯಿ ಹಾಕಬೇಡ, ಸಮಾಧಾನ ಮಾಡಿಕೊಳ್ಳಿ ಅಂತಲಂತೂ ಹೇಳಲೇಬೇಡ, ಇನ್ನೂ ಉರೀತಾರೆ. ಉಸಿರು ನಿಧಾನಕ್ಕೆ ಹೊರಗೆ ಬಿಡು. ಬೈಗುಳದಲ್ಲಿ ಕೆಲಸದ ವಿಷಯ ಎಷ್ಟುಂಟೋ ಅಷ್ಟು ಹೆಕ್ಕು" ಎಂದು ಅವಳು ಹೇಳುವಾಗ ನಾನು ನಕ್ಕಿದ್ದೆ. ಈಗ ಪಾದಗಳನ್ನು ನೆಲಕ್ಕೆ ಊರಿ, ಮೇಜಿನ ಕೆಳಗೆ ಕೈ ಕಟ್ಟಿ, ಉಸಿರು ಬಿಟ್ಟೆ. ಒಮ್ಮೆ ಸಾಲಲಿಲ್ಲ, ಮತ್ತೊಮ್ಮೆ ಬಿಟ್ಟೆ. ಹೆಕ್ಕಿದೆ. ಮರ್ಯಾದೆ, ಅಕಲ್ಲು, ಅತ್ತೆಯ ಕಣ್ಣು, ಎಲ್ಲ ಬಿಟ್ಟು ಉಳಿದದ್ದು ಒಂದೇ. ಉಪವಾಸದವರಿಗೆ ಊಟ ಯಾಕೆ ಇರಲಿಲ್ಲ?

ಅವರು ನೀರು ಕುಡಿಯಲು ನಿಲ್ಲಿಸಿದಾಗ ನಾನು ಮಾತಾಡಿದೆ. ಮೇಡಂಗೂ ತಿಳಿಯಲೆಂದು ಹಿಂದಿಯಲ್ಲೇ, ಬೇಕೆಂದೇ ಮೆಲ್ಲಗೆ. "ಸರ್, ತಪ್ಪಾದದ್ದು ನಿಜ. ನಮ್ಮ ಊರಿನ ಲೆಕ್ಕದಲ್ಲಿ ಶ್ರಾವಣ ತಡ, ಮೆನು ಆ ಲೆಕ್ಕದಲ್ಲಿ ಆಯಿತು. ನಾನು ಅದನ್ನು ನೋಡಿ ತಿದ್ದಬೇಕಿತ್ತು, ತಿದ್ದಲಿಲ್ಲ. ಇಷ್ಟು ಜೋರಾಗಿ ಹೇಳಿದರೆ ನನಗೆ ಯೋಚಿಸಲು ಆಗುವುದಿಲ್ಲ. ಏನು ಮಾಡಬೇಕೆಂದು ಹೇಳುತ್ತೇನೆ, ಎರಡು ನಿಮಿಷ ಕೊಡಿ."

ಸರ್ ಮತ್ತೆ ಬಾಯಿ ತೆರೆದರು. ಮೇಡಂ ಪೆನ್ನು ಎತ್ತಿ "ಬೋಲಿಯೇ" ಎಂದು ನನಗೇ ಹೇಳಿದರು.

ಹೇಳಿದೆ. ಇವತ್ತೇ ವಾಶಿ ಮಾರ್ಕೆಟಿನಿಂದ ಸಾಬಕ್ಕಿ, ಶೇಂಗಾ ತರಿಸುತ್ತೇವೆ. ಶ್ರಾವಣ ಮುಗಿಯುವವರೆಗೆ ಮೊಟ್ಟೆ ಬೇಕೆಂದವರಿಗೆ ಬೇರೆ ಕೌಂಟರು. ಇನ್ನು ಮೇಲೆ ಹಬ್ಬದ ದಿನ ನಮ್ಮ ಪಂಚಾಂಗದಲ್ಲಿ ನೋಡುವುದಿಲ್ಲ. ಮರಾಠಿಯವರು, ಉತ್ತರದವರು, ದಕ್ಷಿಣದವರು, ಒಬ್ಬೊಬ್ಬರನ್ನು ಕರೆದು ನಿಮ್ಮಲ್ಲಿ ಯಾವತ್ತು ಎಂದು ಕೇಳಿಯೇ ಮೆನು. ಇವತ್ತು ಮಧ್ಯಾಹ್ನ ಎಲ್ಲರಿಗೂ ಶಿರಾ, ಮತ್ತು ಕೌಂಟರಿನಲ್ಲಿ ನಿಂತು ತಪ್ಪಾಯಿತೆಂದು ನಾನೇ ಹೇಳುತ್ತೇನೆ.

"ಮುಂದಿನ ಸೋಮವಾರ ನೋಡೋಣ. ಕಾಂಟ್ರಾಕ್ಟಿನ ಮಾತು ಮಂಗಳವಾರ" ಎಂದು ಮೇಡಂ ಎದ್ದರು.

ಮಧ್ಯಾಹ್ನ ಸೌಟು ಹಿಡಿದು ನಿಂತು ಶಿರಾ ಬಡಿಸಿದೆ. ಬಡಿಸುತ್ತಾ "ಕಾಲ್ ಚುಕ್ಲಂ, ಮಾಫ್ ಕರಾ", ನಿನ್ನೆ ತಪ್ಪಾಯಿತು, ಕ್ಷಮಿಸಿ, ಎನ್ನುತ್ತಾ ಹೋದೆ. ಹಿರಿಯ ಫಿಟ್ಟರ್ ಒಬ್ಬರು ಪ್ಲೇಟು ಮುಂದೆ ಹಿಡಿದು, ಮುಂದಿನ ಸೋಮವಾರ ಖಿಚಡಿ ಅಂಟಂಟಾದರೆ ಈ ಮಾಫಿ ವಾಪಸು ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೂ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಆದರೆ ಸರ್ ಹತ್ತಿರ ಲೆಕ್ಕ ಮುಗಿದಿರಲಿಲ್ಲ. ಸಿಟ್ಟು ಇಳಿದ ಮೇಲೆಯೇ ಹೋಗಬೇಕೆಂದು ಚಹಾದ ಹೊತ್ತಿನವರೆಗೆ ಕಾದೆ. ಆಫೀಸಿನ ಬಾಗಿಲು ಮುಚ್ಚಿಕೊಂಡು, ನಿಂತೇ ಮಾತಾಡಿದೆ.

"ಸರ್, ತಾರೀಖು ನಿಮ್ಮದು, ನೋಡದೆ ಬಿಟ್ಟದ್ದು ನನ್ನದು. ಅಲ್ಲಿ ಹೇಳಲಿಲ್ಲ, ಬೇರೆಯವರೆದುರು ನಮ್ಮ ಜಗಳ ಯಾಕೆ ಅಂತ. ಕೆಲಸದಲ್ಲಿ ತಪ್ಪಿದ್ರೆ ಇಲ್ಲಿ ಕರೆದು ಎಷ್ಟು ಬೇಕಾದ್ರೂ ಹೇಳಿ, ಕೇಳ್ತೇನೆ. ಎಲ್ಲರೆದುರು ಕಿರುಚಬೇಡಿ. ಮತ್ತೆ ಮನೆಯಲ್ಲಿ ಕೂತ್ಕೊಳ್ಳಿ ಅಂದ್ರಲ್ಲ, ಅತ್ತೆಯ ಹೆಸರು ತೆಗೆದ್ರಲ್ಲ, ಅದು ನನಗೆ ತುಂಬ ನೋವಾಗಿದೆ. ಆ ಮಾತು ಅವರೆಲ್ಲರ ಎದುರೇ ವಾಪಸು ತಗೊಳ್ಳಬೇಕು."

"ಎಂತ, ನನಗೇ ಕಲಿಸ್ಲಿಕ್ಕೆ ಬಂದ್ರಾ?" ಎಂದರು. ಸ್ವರ ಏರಲಿಲ್ಲ, ಆದರೆ ಮುಖ ಮಾತ್ರ ಗಂಟು. ಚಹಾ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು. ಕೆಲಸ ಹೋಯಿತು ಎಂದೇ ಎಣಿಸಿದೆ. ಮನೆಯಲ್ಲಿ ಹೇಳಿದರೆ ಅತ್ತೆ ಕಣ್ಣಿಗೆ ಹಾಕಿದ ಕಪ್ಪು ಕನ್ನಡಕ ಮೇಲೆತ್ತಿ, "ಕೇಳಿದ್ದು ಸರಿಯೇ. ಇನ್ನು ಸುಮ್ಮನೆ ಖಿಚಡಿ ಚಂದ ಮಾಡಿಸು" ಎಂದರು.

ಆ ವಾರ ಸರ್ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಭಾನುವಾರವೇ ಹೋಗಿ ಸಾಬಕ್ಕಿ ನೆನೆಹಾಕಿಸಿದೆ. ಸೋಮವಾರ ಕಾಳು ಕಾಳು ಬಿಡಿಬಿಡಿಯಾದ ಖಿಚಡಿ, ಜೊತೆಗೆ ಮೊಸರು. ಫಿಟ್ಟರ್ ಎರಡನೇ ಸಲ ಬಂದು ಪ್ಲೇಟು ಚಾಚಿದರು, ಮಾಫಿಯ ಸುದ್ದಿ ಎತ್ತಲಿಲ್ಲ.

ಮಂಗಳವಾರ ಅದೇ ಕೋಣೆ, ಅದೇ ನಾಲ್ಕು ಜನ. ಮೇಡಂ ಕೂತು ಪೆನ್ನು ತೆಗೆಯುವ ಮೊದಲೇ ಸರ್ ಗಂಟಲು ಸರಿಮಾಡಿಕೊಂಡರು. ಹಿಂದಿ ಅವರಿಗೆ ಅಷ್ಟು ಸಲೀಸಲ್ಲ, ಬೈಯಲು ಮಾತ್ರ ಬರುತ್ತಿತ್ತು. ತಡವರಿಸುತ್ತಾ, ಕಳೆದ ವಾರ ತಾರೀಖು ತಪ್ಪು ಕೊಟ್ಟದ್ದು ತಾನು ಎಂದರು. ನನ್ನ ಮೇಲೆ ಕಿರುಚಿದ್ದು ತಪ್ಪು, ಮನೆಯ ವಿಷಯ ಎತ್ತಿದ್ದು ಇನ್ನೂ ತಪ್ಪು ಎಂದರು. ಅಡುಗೆಯವರ ಕಡೆ ನೋಡಿ ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. ಕಿವಿಯ ತನಕ ಕೆಂಪಾಗಿದ್ದರು.

ಅಡ್ಮಿನ್ ಮೇಡಂ ಪೆನ್ನು ತೆಗೆದು, "ಕಾಂಟ್ರಾಕ್ಟ್ ನಿಮ್ಮಲ್ಲೇ ಇರಲಿ. ಕಾಗದ ಈ ವಾರ ಕಳಿಸುತ್ತೇನೆ" ಎಂದರು. ಅಡುಗೆಯವರು ಎರಡೂ ಕೈ ಜೋಡಿಸಿದರು.

ಆಗ ನನಗೆ ಅಳು ಬಂತು. ಅಯ್ಯೋ, ಅದೂ ಎಂಥ ಅಳು! ಸೆರಗು, ಕರ್ಚೀಫು ಯಾವುದೂ ಸಾಲದ ಅಳು. ಸರ್ ಗಾಬರಿಯಾಗಿ ಅರ್ಧ ಎದ್ದು ನಿಂತರು.

"ಎಂತಾಯ್ತು ಮಾರಾಯ್ರೆ? ಈಗ ನಾನು ಜೋರು ಮಾಡ್ಲಿಲ್ಲವಲ್ಲ!"

"ಅದಕ್ಕೇ ಸರ್" ಎಂದೆ.