ಆಹಾರಚರ್ಯೆಯ ಒಂದು ಸಾಲು

ಲಕ್ಷ್ಮೇಶ್ವರದ ಬಸದಿ ಓಣಿಯಲ್ಲಿ ತ್ರಿಶಲಾ ಅಕ್ಕೋರ ಮನೆ ಯಾವುದು ಅಂತ ಕೇಳಿ ನೋಡಿ, ಆಡುವ ಹುಡುಗರೂ ಆಟ ಬಿಟ್ಟು ಕೈಮಾಡಿ ತೋರಿಸುತ್ತಾರೆ. ಶಿರಹಟ್ಟಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು ಆಕೆಯ ಸರಕಾರಿ ಕೆಲಸ. ಸಂಜೆ ಬಸ್ಸಿಳಿದು ಮನೆಗೆ ಬಂದ ಮೇಲೆ ಶುರುವಾಗುವುದು ಬಿಟ್ಟಿ ಕೆಲಸ: ಊರಿನ ದೇವರು ದಿಂಡರ ಕಾಗದಗಳನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟಿಸುವುದು. ಒಂದು ಕಪ್ ಚಹಾದ ಆಸೆಯೂ ಇಲ್ಲದೆ ಮಾಡುತ್ತಾಳೆ ಮಾರಾಯರೇ, ಚಹಾ ತಾನೇ ಮಾಡಿ ಕುಡಿಸುತ್ತಾಳೆ.

ಈ ಕೆಲಸದಲ್ಲಿ ಆಕೆ ಮಹಾ ಹಟಮಾರಿ. ದರ್ಗಾದ ಮಹಬೂಬಸಾಬ ಉರುಸಿನ ಚೀಟಿ ತಂದರೆ 'ಹಜರತ್' ಎನ್ನುವುದನ್ನು ಇಂಗ್ಲಿಷಿನಲ್ಲೂ ಹಾಗೇ ಇಡುತ್ತಾಳೆ. ಮಠದವರ ಕಾಗದದಲ್ಲಿ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದರು ಎಂದಿದ್ದರೆ ಅದನ್ನು ಸತ್ತರು ಎನ್ನುವ ಬರೀ ಇಂಗ್ಲಿಷ್ ಮಾತಿಗೆ ಇಳಿಸುವುದಿಲ್ಲ; ಲಿಂಗೈಕ್ಯ ಎಂಬ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅದರ ಅರ್ಥ ಒಂದು ಸಾಲು ಸೇರಿಸುತ್ತಾಳೆ. "ಇಂಗ್ಲಿಷಿನ್ಯಾಗ ದೇವರಿಗೂ ಒಂದ ಮಾತು, ದನಾ ಕಾಯವಗೂ ಒಂದ ಮಾತು. ಅಲ್ಲಿ ಇಲ್ಲದ ಮರ್ಯಾದಿನ ನಾವ ಹುಡುಕಿ ಇಡಬೇಕಾಕ್ಕೈತಿ," ಅನ್ನುತ್ತಾಳೆ.

ಹೋದ ಚಳಿಗಾಲದಲ್ಲಿ ಬಸದಿ ಕಮಿಟಿಯ ಅಧ್ಯಕ್ಷ ಪಾಯಪ್ಪ ಆಕೆಯ ಮನೆಗೆ ಬಂದ. ಮಹಾರಾಷ್ಟ್ರದಿಂದ ದಿಗಂಬರ ಜೈನ ತ್ಯಾಗಿಗಳ ಸಂಘವೊಂದು ಕಾಲ್ನಡಿಗೆಯಲ್ಲಿ ಲಕ್ಷ್ಮೇಶ್ವರಕ್ಕೆ ಬರುತ್ತಿತ್ತು: ಒಬ್ಬರು ಮುನಿಮಹಾರಾಜರು, ಒಬ್ಬರು ಆರ್ಯಿಕಾ ಮಾತಾಜಿ ಅಂದರೆ ಸನ್ಯಾಸಿನಿ, ಮುನಿದೀಕ್ಷೆಗೆ ಇನ್ನೂ ಏರದ ಒಬ್ಬರು ಕ್ಷುಲ್ಲಕರು. ಅವರ ಯಾತ್ರೆಯ ವ್ಯವಸ್ಥೆ ನೋಡುವ ಪುಣೆಯ ಸಮಿತಿಗೆ ಕನ್ನಡ ಬಾರದು. ಪ್ರಕಟಣೆಯನ್ನು ಇಂಗ್ಲಿಷಿನಲ್ಲೇ ಬರೆದು ಪಾಯಪ್ಪನ ಮೊಬೈಲಿಗೆ ಕಳಿಸಿದ್ದರು.

"ಕನ್ನಡದಾಗ ಮಾಡಿಕೊಡವ್ವ. ಪ್ರೆಸ್ಸಿಗೆ ಕೊಡಬೇಕು, ಬಸದಿ ಮೈಕಿನ್ಯಾಗೂ ಓದಬೇಕು," ಎಂದ ಪಾಯಪ್ಪ, ಆಮೇಲೆ ದನಿ ತಗ್ಗಿಸಿದ. "ಮಾತಾಜಿ ಯಾರಂತ ನಿನಗ ಗೊತ್ತೈತಲ್ಲ?"

ಗೊತ್ತಿರದೆ ಏನು? ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಕಸ್ತೂರೆವ್ವ ಎಂಬಾಕೆ ಮಗನಿಗೆ ಮನೆಯ ಕೀಲಿಕೈ ಕೊಟ್ಟು, ಮಗಳ ತಲೆ ಸವರಿ, ಸಂಘದ ಹಿಂದೆ ನಡೆದು ಹೋಗಿದ್ದಳು. ದೀಕ್ಷೆ ತೆಗೆದುಕೊಂಡು ಸುವ್ರತಮತಿ ಮಾತಾಜಿಯಾದರು. ಅವರೇ ತ್ರಿಶಲಾಳನ್ನು ಹೆತ್ತ ಅವ್ವ. ಅಂದಿನಿಂದ ಒಮ್ಮೆಯೂ ಈ ಊರಿಗೆ ಕಾಲಿಟ್ಟಿರಲಿಲ್ಲ.

ತ್ರಿಶಲಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಓದಿದಳು. ಅಯ್ಯೋ ಆ ಇಂಗ್ಲಿಷೇ! ಮದುವೆಯ ನೆಂಟರು ಬರುವ ಹಾಗೆ ಬರೆದಿದ್ದರು. ಮೂವರಿಗೂ ಒಂದೇ ಗೌರವದ ಮಾತು ಅಂಟಿಸಿದ್ದರು. ಆಕೆ ಒಂದೊಂದನ್ನೇ ತನ್ನ ಜಾಗಕ್ಕೆ ಏರಿಸುತ್ತ ಬಂದಳು. ಹೆಸರಿನ ಹಿಂದೆ ಪದವಿ ಹೇಳುವ ಅಂಕೆ ಸೇರಿಸಿ ಮುನಿಗಳಿಗೆ 'ಪರಮಪೂಜ್ಯ ೧೦೮', ಮಾತಾಜಿಗೂ ಕ್ಷುಲ್ಲಕರಿಗೂ 'ಪೂಜ್ಯ ೧೦೫'. ಭಕ್ತಿ ಉಕ್ಕಿತೆಂದು ಎಲ್ಲರಿಗೂ ೧೦೮ ಹಾಕಿದರೆ ಅದು ಹೆಚ್ಚಿನ ಮರ್ಯಾದೆಯಾಗುವುದಿಲ್ಲ, ಪದವಿ ಕಲಸಿದ ಹಾಗಾಗುತ್ತದೆ. ಊರಿಗೆ ತಲುಪುತ್ತಾರೆ ಎಂದಿದ್ದದ್ದು 'ಪುರಪ್ರವೇಶ'ವಾಯಿತು. ಭಾಷಣ 'ಮಂಗಲ ಪ್ರವಚನ'ವಾಯಿತು. ಮುಂದಿನ ಊರಿಗೆ ಹೊರಡುವುದು 'ವಿಹಾರ'. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು.

ಅಲ್ಲಿ ಹೀಗಿತ್ತು: ಮಾತಾಜಿ ಎರಡನೆಯ ದಿನ ತಮ್ಮ ಮಗನ ಮನೆಯಲ್ಲಿ ಕುಟುಂಬದವರೊಂದಿಗೆ ಮಧ್ಯಾಹ್ನದ ಊಟ ಮಾಡುತ್ತಾರೆ.

ಓದಿದ ತ್ರಿಶಲಾಳಿಗೆ ಎದೆ ತುಂಬಿ ಬಂತು. ಕಸ್ತೂರೆವ್ವನಿಗೆ ತನ್ನ ಕೈಯಾರೆ ಒಂದು ತುತ್ತು ಕೊಡಬೇಕೆನ್ನುವ ಆಸೆಯನ್ನು ಆಕೆ ಇಷ್ಟು ವರ್ಷ ಯಾರ ಮುಂದೂ ಆಡಿರಲಿಲ್ಲ. ಈಗ ಅದು ಅಚ್ಚಾಗಲಿಕ್ಕೆ ತಯಾರಾಗಿ ಬಂದು ಕೂತಿತ್ತು. ಸರಸರ ಬರೆದಳು: 'ಪೂಜ್ಯ ೧೦೫ ಸುವ್ರತಮತಿ ಮಾತಾಜಿಯವರು ತಮ್ಮ ಪೂರ್ವಾಶ್ರಮದ ಗೃಹದಲ್ಲಿ ಆಹಾರ ಸ್ವೀಕರಿಸಿ ಅನುಗ್ರಹಿಸಲಿದ್ದಾರೆ.'

ನಾಲ್ಕು ಬಾಗಿಲಾಚೆ ಇರುವ ಅಣ್ಣ ಧರಣೇಂದ್ರನ ಮನೆಗೆ ಹೋಗಿ ಓದಿ ತೋರಿಸಿದಳು. ಧರಣೇಂದ್ರ ಕಾಳಿನ ವ್ಯಾಪಾರಿ, ಸುಮ್ಮಸುಮ್ಮನೆ ಅಳುವ ಆಸಾಮಿಯಲ್ಲ. ಅವತ್ತು ಕಣ್ಣೊರೆಸಿಕೊಂಡ.

"ಏನ್ ಬರದೀ ತಂಗಿ! ಇನ್ನೊಮ್ಮೆ ಓದು."

ಆಕೆ ಇನ್ನೊಮ್ಮೆ ಓದಿದಳು. ಈ ಸಲ ದೊಡ್ಡ ದನಿಯಲ್ಲಿ, ಬಸದಿಯ ಮೈಕಿನಲ್ಲಿ ಓದುವ ಹಾಗೆ. ಓದುತ್ತ ಓದುತ್ತ ಆಕೆಯ ದನಿ ಇಳಿಯಿತು. ಎಂಥ ಮಾತು ಬರೆದಿದ್ದೇನೆ ನಾನು?

ದಿಗಂಬರ ತ್ಯಾಗಿಗಳನ್ನು ಊಟಕ್ಕೆ ಕರೆಯುವ ಪದ್ಧತಿಯೇ ಇಲ್ಲ. ದಿನಕ್ಕೆ ಒಂದೇ ಹೊತ್ತು. ಮುಂಜಾನೆ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು ಹೊರಡುತ್ತಾರೆ, ಏನೆಂದು ಯಾರಿಗೂ ಹೇಳುವುದಿಲ್ಲ. ಗೃಹಸ್ಥರಾದ ಶ್ರಾವಕರು ಮಡಿಯುಟ್ಟು, ಕಲಶ ಹಿಡಿದು, ತಂತಮ್ಮ ಬಾಗಿಲಲ್ಲಿ ನಿಂತು ಬೇಡಿಕೊಳ್ಳಬೇಕು. ನಿಯಮ ಕೂಡಿಬಂದ ಮನೆಯಲ್ಲಿ ಆಹಾರ, ಎಲ್ಲೂ ಕೂಡದಿದ್ದರೆ ಉಪವಾಸ. ತಮಗೆಂದೇ ಮಾಡಿಟ್ಟದ್ದು ಎಂದು ಗೊತ್ತಾದ ಅನ್ನವನ್ನು ಮುಟ್ಟುವುದಿಲ್ಲ. ಹೀಗಿರುವಾಗ ಇಂಥ ದಿನ ಇಂಥವರ ಮನೆ ಅಂತ ಮೈಕಿನಲ್ಲಿ ಸಾರಿದರೆ? 'ಸ್ವೀಕರಿಸಿ ಅನುಗ್ರಹಿಸಲಿದ್ದಾರೆ' ಎಂದು ಎಷ್ಟು ಎತ್ತರದ ಮಾತು ಹಾಕಿದರೂ ಒಳಗಿನ ಸಂಗತಿಯೇ ಅವಮರ್ಯಾದೆಯದು. ಬಣ್ಣ ಬಳಿದಿದ್ದಳು ಅಷ್ಟೇ.

"ಅಣ್ಣಾ, ಈ ಸಾಲ ತಗೀತೀನಿ," ಎಂದಳು.

ಧರಣೇಂದ್ರನ ಮುಖ ಕಪ್ಪಿಟ್ಟಿತು. "ಯಾಕ? ಅವರ ಬರದು ಕಳಸ್ಯಾರ. ನಿನಗ ಹೇಳಿದ್ದು ಕನ್ನಡ ಮಾಡು ಅಂತ. ತಗಿ ಅಂತ ಯಾರ ಹೇಳ್ಯಾರ?"

"ಅವರು ತಿಳೀದ ಬರದಾರ. ನನಗ ತಿಳದೂ ಬರಿಯಾಕ ಹೆಂಗ ಬರ್ತೈತಿ? ಇದನ್ನ ಮೈಕಿನ್ಯಾಗ ಓದಿದ್ರಂದ್ರ, ಧರಣೇಂದ್ರನ ಮನಿ ಐತೆಲ್ಲ ಅಂತ ಓಣಿ ಮಂದಿ ಯಾರೂ ಬಾಗಲಕ್ಕ ನಿಂದ್ರೂದಿಲ್ಲ. ನಮ್ಮ ಬಾಗಲಕ್ಕ ಅವರು ಬರೂದಿಲ್ಲ. ಉಪಾಸ ಹೋಕ್ಕಾರ."

"ಯಾಕ ಬರೂದಿಲ್ಲ? ಹೆತ್ತ ಮಗನ ಮನಿಗೆ ಯಾಕ ಬರೂದಿಲ್ಲ?"

"ಅವರು ಬಿಟ್ಟು ಹೋಗಿದ್ದು ಆ ಮನೀನ ಅಲ್ಲೇನಣ್ಣ?"

ಈ ಮಾತು ಹೊಡೆದ ಹಾಗೆ ತಾಗಿತು. ಧರಣೇಂದ್ರ ಎದ್ದು ನಿಂತ. "ಆತು ತಗೀ. ನಾಳೆ ಅವ್ವ ಇನ್ನೊಬ್ಬರ ಮನಿಗೆ ಹ್ವಾದ್ಲಂದ್ರ ಅದು ನಿನ್ನ ತಲಿಮ್ಯಾಲೆ. ನನಗ ಮಾರಿ ತೋರಸಬ್ಯಾಡ," ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ತ್ರಿಶಲಾ ಮನೆಗೆ ಬಂದು ಕಾಗದ ಮುಂದಿಟ್ಟುಕೊಂಡು ಕೂತಳು. ಅತ್ತಳೇ? ಅತ್ತಳು, ಮುಚ್ಚಿಡುವುದೇನಿದೆ. ಅತ್ತಾದ ಮೇಲೆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅದರ ಕೆಳಗೆ ಬರೆದಳು: 'ಎರಡನೆಯ ದಿನ ಬೆಳಿಗ್ಗೆ ಸಂಘದ ಪೂಜ್ಯರು ಆಹಾರಚರ್ಯೆಗೆ ಹೊರಡಲಿದ್ದಾರೆ. ಶ್ರಾವಕರು ಶುದ್ಧರಾಗಿ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಪ್ರತೀಕ್ಷಿಸಬೇಕು.' ಯಾರ ಮನೆಯ ಹೆಸರೂ ಇರಲಿಲ್ಲ.

ಪುಣೆಯವರ ಇಂಗ್ಲಿಷ್ ಹಾಗೇ ಉಳಿದರೆ ಅದು ಎಲ್ಲರ ಮೊಬೈಲಿಗೂ ಹರಿದಾಡಿ ಇದೇ ಗದ್ದಲವಾಗುತ್ತಿತ್ತು. ಪಾಯಪ್ಪನನ್ನು ಕೂರಿಸಿಕೊಂಡು ಅದನ್ನೂ ತಿದ್ದಿದಳು. ಊಟ ಎನ್ನುವ ಇಂಗ್ಲಿಷ್ ಮಾತು ತೆಗೆದು ಆಹಾರಚರ್ಯೆ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. 'ಮಗ', 'ಕುಟುಂಬ' ಎಂಬ ಮಾತುಗಳನ್ನು ತೆಗೆದಳು.

"ಅವರು ಯಾಕ ತಗದ್ರಿ ಅಂತ ಕೇಳಿದ್ರ?" ಎಂದ ಪಾಯಪ್ಪ.

"ಕೇಳಿದ್ರ ನನ್ನ ನಂಬರ್ ಕೊಡ್ರಿ ಕಾಕಾ."

ಅವರು ಕೇಳಲಿಲ್ಲ. ತಪ್ಪಾಯಿತು, ಸರಿ ಮಾಡಿದ್ದೀರಿ ಅಂತ ಬರೆದರು. ಕೇಳಿದವನು ಅಣ್ಣನೊಬ್ಬನೇ, ಅವನಿಗೆ ಕೊಟ್ಟ ಉತ್ತರ ಅವನಿಗೆ ಸಾಕಾಗಿರಲಿಲ್ಲ.

ಸಂಘ ಬಂತು. ಪುರಪ್ರವೇಶದ ದಿನ ಜನರ ನಡುವೆ ತ್ರಿಶಲಾ ಅವ್ವನನ್ನು ದೂರದಿಂದ ನೋಡಿದಳು. ಬಿಳಿ ಸೀರೆ, ಕೂದಲು ಕಿತ್ತ ತಲೆ, ಕೈಯಲ್ಲಿ ನವಿಲುಗರಿಯ ಪಿಂಛಿ. ಎಷ್ಟು ಬಡವಾಗಿದ್ದಾರೆ! ಓಡಿಹೋಗಿ ತಬ್ಬಿಕೊಳ್ಳುವ ಹಾಗಿಲ್ಲ. ಎಲ್ಲರ ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ಕೈಮುಗಿದು "ವಂದಾಮಿ ಮಾತಾಜಿ" ಎಂದಳು. ಮಾತಾಜಿ ಎಲ್ಲರಿಗೂ ಕೊಟ್ಟ ಆಶೀರ್ವಾದವನ್ನೇ ಕೊಟ್ಟರು.

ಮರುದಿನ ಬೆಳಿಗ್ಗೆ ಓಣಿಯ ಬಾಗಿಲುಗಳಲ್ಲೆಲ್ಲ ಮಡಿಯುಟ್ಟ ಜನ ನಿಂತಿದ್ದರು. ಮಾರಿ ತೋರಿಸಬೇಡ ಅಂದಿದ್ದರೇನಂತೆ, ತ್ರಿಶಲಾ ಕಲಶ ಹಿಡಿದು ಅಣ್ಣನ ಬಾಗಿಲಿಗೇ ಹೋದಳು. ಧರಣೇಂದ್ರ ತೆಂಗಿನಕಾಯಿ ಹಿಡಿದು ನಿಂತಿದ್ದ. ತಂಗಿಯ ಕಡೆ ನೋಡಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಾತಾಜಿ ನೆಲ ನೋಡುತ್ತ, ಆಹಾರಚರ್ಯೆಯ ಮುದ್ರೆಯಲ್ಲಿ ಬಲಗೈ ಮಡಚಿ ಭುಜಕ್ಕಿಟ್ಟು ಬಂದರು. ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ಕೂಗಿದರು:

"ಹೇ ಮಾತಾಜಿ, ವಂದಾಮಿ, ವಂದಾಮಿ, ವಂದಾಮಿ! ಅತ್ರ ತಿಷ್ಠ, ತಿಷ್ಠ, ತಿಷ್ಠ!"

ಇಲ್ಲಿ ನಿಲ್ಲಿರಿ, ನಿಲ್ಲಿರಿ ಎಂದು ಬೇಡುವ ಮಾತು ಅದು. ಮಾತಾಜಿ ಒಂದು ಗಳಿಗೆ ನಿಂತರು. ಹಿಂದೆ ತಾವೇ ಸಾರಿಸಿ ರಂಗೋಲಿ ಹಾಕುತ್ತಿದ್ದ ಹೊಸ್ತಿಲು ಅದು. ಬಾಗಿಲಲ್ಲಿದ್ದವರನ್ನು ನೋಡಿದರು, ಮುಂದೆ ನಡೆದರು.

ಎರಡು ಮನೆಯಾಚೆ ಸುಮತಿಬಾಯಿಯ ಬಾಗಿಲಲ್ಲಿ ಅವರ ನಿಯಮ ಕೂಡಿತು. ಸುಮತಿಬಾಯಿ ಗಾಬರಿಯಿಂದ, ಸಂತೋಷದಿಂದ ಮೂರು ಪ್ರದಕ್ಷಿಣೆ ಹಾಕಿ ಒಳಗೆ ಕರೆದುಕೊಂಡು ಹೋದಳು.

ಧರಣೇಂದ್ರ ತೆಂಗಿನಕಾಯಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದು ಕೂತ. "ಆತಲ್ಲ ನಿನಗ?" ಎಂದ.

ತ್ರಿಶಲಾ ಕಟ್ಟೆಯ ಹತ್ತಿರ ಬಂದಳು. ಕಲಶ ಇಟ್ಟು ಅವನ ಕೈ ಹಿಡಿದೆಳೆದಳು. "ಏಳಣ್ಣ. ಮಡಿಯಾಗ ಅದೀವಿ. ಶುದ್ಧ ಇದ್ದವರು ಯಾರ ಮನಿಯಾಗ ಆದ್ರೂ ಆಹಾರ ಕೊಡಬೌದು. ನಡಿ."

ಸುಮತಿಬಾಯಿಯ ಅಡುಗೆಮನೆಯಲ್ಲಿ ಮಾತಾಜಿ ಕೂತಿದ್ದರು. ಎರಡೂ ಅಂಗೈ ಜೋಡಿಸಿದ ಬೊಗಸೆಯೇ ಅವರ ತಟ್ಟೆ. ಮೌನ. ತ್ರಿಶಲಾ ಕೈ ತೊಳೆದು "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧವಾಗಿದೆ" ಎಂದಳು. ಸುಮತಿಬಾಯಿ ಸರಿದು ಜಾಗ ಕೊಟ್ಟಳು. ತ್ರಿಶಲಾ ರೊಟ್ಟಿಯನ್ನು ಸಣ್ಣಗೆ ಮುರಿದು, ಹಾಲಿನಲ್ಲಿ ನೆನೆಸಿ ಆ ಬೊಗಸೆಗೆ ಇಟ್ಟಳು. ಮಾತಾಜಿ ಅದನ್ನು ಬೆರಳಿನಿಂದ ಬಿಡಿಸಿ, ಹುಳಹುಪ್ಪಟೆ ಇಲ್ಲವೆಂದು ನೋಡಿ ಬಾಯಿಗಿಟ್ಟರು. ಆಮೇಲೆ ಧರಣೇಂದ್ರ ನೀರು ಹಾಕಿದ. ಒಂದಿಷ್ಟು ನೀರು ಬೊಗಸೆಯಾಚೆ ಚೆಲ್ಲಿತು. ಮಾತಾಜಿ ಬೊಗಸೆಯನ್ನು ಇನ್ನೊಂಚೂರು ಮೇಲಕ್ಕೆತ್ತಿ ಅವನ ಚೊಂಬಿನ ಹತ್ತಿರ ಹಿಡಿದರು, ಪೂರ್ತಿ ಕುಡಿದರು.

ಆಹಾರ ಮುಗಿದು ಅವರು ಬಸದಿಗೆ ಹೊರಟ ಮೇಲೆ ಅಣ್ಣ ತಂಗಿ ಓಣಿಯಲ್ಲಿ ನಿಂತು ಆ ಬಿಳಿ ಸೀರೆ ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.

"ಆ ಸಾಲ ಇದ್ದಿದ್ರ," ಎಂದ ಧರಣೇಂದ್ರ, "ಇವತ್ತ ಸುಮತಿಬಾಯಿ ಬಾಗಲಕ್ಕ ನಿಂದರ್ತಿದ್ದಿಲ್ಲ. ಅವ್ವ ಹಸದ ಹೋಗ್ತಿದ್ಲು."

ಊರಿಗೆಲ್ಲ ಮಾತಾಜಿಯವರು, ಪೂಜ್ಯರು ಎಂದು ಬರೆದುಕೊಟ್ಟ ತ್ರಿಶಲಾ ಅಣ್ಣನ ಆ 'ಹೋಗ್ತಿದ್ಲು'ವನ್ನು ತಿದ್ದಲಿಲ್ಲ.

"ಹೌದಣ್ಣ," ಎಂದಳು, "ಅವ್ವ ಉಂಡ್ಲು."