ಅರ್ಜಿಯಲ್ಲಿ ಕಾಲಿನ ಮಾತು

ಸಿರಾದ ಎಣ್ಣೆ ಗಿರಣಿಗೆ ಗುಮಾಸ್ತ ಬೇಕೆಂದು ತಿಳಿದು, ಮಧುಗಿರಿ ಕೋರ್ಟಿನ ಮುಂದೆ ಅರ್ಜಿ ಬರೆದುಕೊಡುವ ಹಿರಿಯರ ಹತ್ತಿರ ಹೋದೆ. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಾಲು ಸೊರಗಿತ್ತು. ಕೋಲು ಹಿಡಿದು ನಡೆಯುತ್ತಿದ್ದೆ. ಅವರು ಕೋಲು ನೋಡಿದವರೇ ಬರೆದರು: "ನಾನು ಕುಂಟ, ಬಡವ, ತಾವೇ ದಿಕ್ಕು."

ಅಮಲ್ದಾರರಿಗೆ ಮೊರೆಯಿಡುವ ಅರ್ಜಿ ಬರೆದೂ ಬರೆದೂ ಅವರ ಕೈಗೆ ಅದೇ ರೂಢಿ. ನನಗೆ ಮೈ ಉರಿಯಿತು.

"ಅಣ್ಣಾ, ನಾನು ಪರಿಹಾರ ಕೇಳ್ತಿಲ್ಲ, ಕೆಲಸ ಕೇಳ್ತಿದೀನಿ. ಲೆಕ್ಕ ಬರೆಯೋದು ಕಾಲಲ್ಲೇನು?"

"ಅಲ್ಲಪ್ಪಾ, ಆಮೇಲೆ ಮುಚ್ಚಿಟ್ಬುಟ್ಟ ಅಂದ್ರೆ?"

"ಕರೆದ್ರೆ ಕೋಲು ಹಿಡ್ಕಂಡೇ ಹೋಗ್ತೀನಿ. ಕೇಳಿದ್ರೆ ಹೇಳ್ತೀನಿ."

ಗೊಣಗುತ್ತಲೇ ಹೊಸ ಹಾಳೆ ತೆಗೆದುಕೊಂಡರು. ಎಸ್ಸೆಸ್ಸೆಲ್ಸಿ ಪಾಸು, ದವಸದ ಮಂಡಿಯಲ್ಲಿ ಲೆಕ್ಕ ಬರೆದ ಅನುಭವ, ಕನ್ನಡ, ಉರ್ದು, ಇಂಗ್ಲಿಷ್ ಬರುತ್ತದೆ ಎಂದು ಬರೆಸಿ ನಿಲ್ಲಿಸಿದೆ.

ಗಿರಣಿಯವರು ಕರೆದರು. ಮಾಲೀಕರಾದ ಸಾಹೇಬರು ನನ್ನ ಕಾಲು ನೋಡಿ, "ಇದರಿಂದ ಕೆಲಸಕ್ಕೆ ತೊಂದರೆಯಾ?" ಎಂದರು.

"ಲೆಕ್ಕಕ್ಕೆ ಇಲ್ಲ. ತೂಕ ಬರೆದುಕೊಳ್ಳೋವಾಗ ಕೂರೋಕೆ ಒಂದು ಸ್ಟೂಲ್ ಬೇಕು."

ಸ್ಟೂಲ್ ಹಾಕಿಸಿದರು.

ಕೆಲವು ವರ್ಷಗಳ ಮೇಲೆ, ಗಿರಣಿಗೆ ಬಂದ ಅರ್ಜಿಗಳನ್ನು ಸಾಹೇಬರಿಗೆ ಓದಿ ಹೇಳುವ ಕೆಲಸವೂ ನನಗೇ ಬಿತ್ತು. ಒಂದು ಅರ್ಜಿಯ ತುಂಬ ಕಾಯಿಲೆಯ ಕಥೆಯೇ ಇತ್ತು. ಏನು ಕೆಲಸ ಬರುತ್ತದೆಂದು ಒಂದು ಸಾಲೂ ಇರಲಿಲ್ಲ. ಕೇಳುತ್ತಾ ಸಾಹೇಬರ ಕಣ್ಣು ನಿಜಕ್ಕೂ ತುಂಬಿಬಂತು.

"ಪಾಪ," ಎಂದು ಅದನ್ನು ಪಕ್ಕಕ್ಕಿಟ್ಟರು. "ಇಂಥವರನ್ನ ಕರೆಸಿ ಯಾಕೆ ದಣಿಸೋದು?"